ಕಾಂತಕ್ಷೇತ್ರದಲ್ಲಿ ತಿರುಗುವ ಸ್ಪಿನ್

ಕ್ವಾಂಟಂ ಭೌತಶಾಸ್ತ್ರದ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಬರುವ ಲೆಕ್ಕವೊಂದಿದೆ. z ದಿಕ್ಕಿನಲ್ಲಿ B ಪ್ರಮಾಣದ ಸ್ಥಿರ ಕಾಂತಕ್ಷೇತ್ರವಿದೆ. ಆರಂಭದಲ್ಲಿ ಎಲೆಕ್ಟ್ರಾನಿನ ಸ್ಪಿನ್ x ದಿಕ್ಕಿಗಿದೆ. ಸ್ಪಿನ್ನಿನ ಮೂರು ಘಟಕಗಳ ನಿರೀಕ್ಷಿತ ಮೌಲ್ಯಗಳು ಕಾಲದೊಂದಿಗೆ ಹೇಗೆ ಬದಲಾಗುತ್ತವೆ?

ಇಲ್ಲಿ ಶಕ್ತಿಯನ್ನು ಸೂಚಿಸುವ ಹ್ಯಾಮಿಲ್ಟೋನಿಯನ್ H = ωS_z; ಎಲೆಕ್ಟ್ರಾನಿಗೆ ω ಸುಮಾರು eB/m. ಆರಂಭದ ಸ್ಥಿತಿಯಲ್ಲಿ z ದಿಕ್ಕಿನ 'ಮೇಲೆ' ಮತ್ತು 'ಕೆಳಗೆ' ಸ್ಥಿತಿಗಳು ಸಮಪಾಲಿನಲ್ಲಿ ಬೆರೆತಿರುತ್ತವೆ. ಅವುಗಳ ಶಕ್ತಿ ಬೇರೆಯಾದ್ದರಿಂದ, t ಕಾಲದ ನಂತರ ಮೊದಲನೆಯದಕ್ಕೆ e^(−iωt/2), ಎರಡನೆಯದಕ್ಕೆ e^(+iωt/2) ಎಂಬ ಗುಣಕ ಸೇರುತ್ತದೆ. ಈ ಸ್ಥಿತಿಯಲ್ಲಿ ಸರಾಸರಿ ತೆಗೆದರೆ ಉತ್ತರ ಹೀಗಿರುತ್ತದೆ:

⟨S_x⟩ = (ħ/2) cos ωt
⟨S_y⟩ = (ħ/2) sin ωt
⟨S_z⟩ = 0

ಅಂದರೆ ಸರಾಸರಿ ಸ್ಪಿನ್ xy ಸಮತಲದಲ್ಲಿ ಒಂದೇ ವೇಗದಲ್ಲಿ ಸುತ್ತುತ್ತದೆ. ಇದೇ ಲಾರ್ಮರ್ ಪುರಸ್ಸರಣ. 1 ಟೆಸ್ಲಾ ಕ್ಷೇತ್ರದಲ್ಲಿ ಎಲೆಕ್ಟ್ರಾನಿನ ಸ್ಪಿನ್ ಸೆಕೆಂಡಿಗೆ ಸುಮಾರು 2,800 ಕೋಟಿ ಸುತ್ತು ಹಾಕುತ್ತದೆ.

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಕೋನದಲ್ಲಿ. ಗುಣಕಗಳಲ್ಲಿ ωt/2 ಇರುವುದನ್ನು ಕಂಡು ಉತ್ತರದಲ್ಲೂ cos(ωt/2) ಎಂದು ಬರೆದುಬಿಡುತ್ತಾರೆ. ಆದರೆ ಸರಾಸರಿಯಲ್ಲಿ ಉಳಿಯುವುದು ಎರಡು ಗುಣಕಗಳ ನಡುವಿನ ವ್ಯತ್ಯಾಸ. ಅದು ಪೂರ್ತಿ ωt. ಉತ್ತರವನ್ನು ತಾಳೆ ನೋಡಲು d⟨S_x⟩/dt = −ω⟨S_y⟩ ಎಂಬ ಸಮೀಕರಣ ಸಾಕು; ತಪ್ಪು ಕೋನ ಬರೆದಿದ್ದರೆ ಎರಡೂ ಬದಿ ಹೊಂದುವುದಿಲ್ಲ.

ಒಂದು ಮಿತಿಯಿದೆ: ಒಂದೊಂದು ಅಳತೆಯಲ್ಲೂ ಸಿಗುವುದು +ħ/2 ಅಥವಾ −ħ/2 ಮಾತ್ರ. ಒಂದೇ ರೀತಿ ಸಿದ್ಧಪಡಿಸಿದ ಅನೇಕ ಎಲೆಕ್ಟ್ರಾನುಗಳನ್ನು ಅಳೆದು ತೆಗೆದ ಸರಾಸರಿಯಷ್ಟೇ ಹೀಗೆ ಸುತ್ತುತ್ತದೆ.