ಬಣ್ಣದ ಅಂಕವಲ್ಲ, ಬಿಸಿಲಿನ ಪ್ರಶ್ನೆ

ಚರ್ಮವೈದ್ಯರ ಚೀಟಿಯಲ್ಲಿ ‘ಚರ್ಮ: 5ನೆಯ ವರ್ಗ’ ಎಂದು ಬರೆದಿರುವುದನ್ನು ನಮ್ಮ ಓದುಗರಲ್ಲಿ ಕೆಲವರು ಕಂಡಿರಬಹುದು. ಅದು ಮೈಬಣ್ಣಕ್ಕೆ ಕೊಟ್ಟ ಅಂಕವೆಂದು ತಿಳಿಯುವುದು ಸಹಜ. ಆದರೆ ಈ ವರ್ಗೀಕರಣ ಹುಟ್ಟಿದ್ದು ಬಣ್ಣ ಹೇಳುವುದಕ್ಕಾಗಿ ಅಲ್ಲ.

ಇದನ್ನು 1975ರಲ್ಲಿ ರೂಪಿಸಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಚರ್ಮವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್. ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಆಗ ಹೊಸ ಚಿಕಿತ್ಸೆಯೊಂದು ಬಂದಿತ್ತು. ರೋಗಿಗೆ ಒಂದು ಔಷಧಿ ನುಂಗಿಸಿ, ಬಳಿಕ ಮೈಗೆ ನೇರಳಾತೀತ ಕಿರಣ ಹಾಯಿಸುವರು. ಕಿರಣ ಹೆಚ್ಚಾದರೆ ಚರ್ಮ ಸುಡುತ್ತದೆ. ಕೂದಲು, ಕಣ್ಣುಗಳ ಬಣ್ಣ ನೋಡಿ ಪ್ರಮಾಣವನ್ನು ಗೊತ್ತುಮಾಡಿದಾಗ, ಕಪ್ಪು ಕೂದಲಿನ ಕೆಲವು ಬಿಳಿಯರ ಮೈ ಕೂಡ ಸುಟ್ಟಿತು. ಆದಕಾರಣ ಅವರು ನೋಡುವುದನ್ನು ಬಿಟ್ಟು ಕೇಳತೊಡಗಿದರು: ‘ಬೇಸಿಗೆಯ ಮೊದಲ ಬಿಸಿಲಿಗೆ ನಿಮ್ಮ ಮೈ ಸುಡುವುದೆ? ಆಮೇಲೆ ಕಪ್ಪಾಗುವುದೆ?’ ಸದಾ ಸುಟ್ಟು ಎಂದೂ ಕಪ್ಪಾಗದವರು ಮೊದಲನೆಯ ವರ್ಗ. ಅಪರೂಪಕ್ಕೆ ಸುಟ್ಟು ಸುಲಭವಾಗಿ ಕಪ್ಪಾಗುವವರು ನಾಲ್ಕನೆಯದು. ಈ ನಾಲ್ಕೂ ಬಿಳಿಯರಿಗಾಗಿ ಮಾಡಿದವು.

ಕಂದುಚರ್ಮಕ್ಕೆ ಐದು, ಕಪ್ಪುಚರ್ಮಕ್ಕೆ ಆರು ಎಂಬುವು ಆಮೇಲೆ ಸೇರಿದವು. ತೊಡಕು ಇಲ್ಲಿಯೇ ಇದೆ. ಮೊದಲ ನಾಲ್ಕಕ್ಕೆ ಬಿಸಿಲಿನ ಪ್ರಶ್ನೆ ಕೇಳಿದ ಪದ್ಧತಿ, ಕೊನೆಯ ಎರಡಕ್ಕೆ ಬರಿಯ ಬಣ್ಣವನ್ನು ನೋಡಿತು. ನಮ್ಮ ಒಂದೇ ಮನೆಯಲ್ಲಿ ಗೋಧಿಬಣ್ಣ, ಎಣ್ಣೆಗೆಂಪು, ಎಣ್ಣೆಗಪ್ಪು ಎಲ್ಲ ಇರುತ್ತವೆ. ಅವೆಲ್ಲ ಒಂದೆರಡು ಅಂಕಿಗಳೊಳಗೆ ತುರುಕಲ್ಪಡುತ್ತವೆ.

ಅಣ್ಣತಮ್ಮಂದಿರಿಬ್ಬರು ಇದ್ದಾರೆನ್ನಿ; ಇಬ್ಬರದೂ ಹುಟ್ಟುಬಣ್ಣ ಒಂದೇ. ಅಣ್ಣನಿಗೆ ಕಟ್ಟಡದ ಕೆಲಸ, ತಮ್ಮನಿಗೆ ಕಚೇರಿಯ ಗುಮಾಸ್ತಿಕೆ. ಮುಖ ನೋಡಿ ವರ್ಗ ಬರೆದರೆ ಅಣ್ಣನಿಗೆ 5, ತಮ್ಮನಿಗೆ 4 ಬಿದ್ದೀತು. ಬಿಸಿಲು ಕಾಣದ ತೋಳಿನ ಒಳಬದಿಯನ್ನು ನೋಡಿದರೆ ಇಬ್ಬರೂ ಒಂದೇ. ಇನ್ನು ಪ್ರಶ್ನೆ ಕೇಳೋಣವೆಂದರೆ, ‘ಮೈ ಕೆಂಪಾಗುವುದೆ?’ ಎಂದಾಗ ಇಬ್ಬರೂ ‘ಇಲ್ಲ’ ಎನ್ನುವರು. ಕಂದುಮೈಯಲ್ಲಿ ಕೆಂಪು ಎದ್ದುಕಾಣುವುದಿಲ್ಲ. ಸುಟ್ಟದ್ದು ತಿಳಿಯುವುದು ಉರಿಯಿಂದ, ಮುಟ್ಟಿದರೆ ನೋಯುವುದರಿಂದ, ಕೆಲ ದಿನಗಳ ಮೇಲೆ ಸಿಪ್ಪೆ ಏಳುವುದರಿಂದ. ಆ ‘ಇಲ್ಲ’ವನ್ನು ನಂಬಿ ಕಿರಣವನ್ನು ಹೆಚ್ಚಿಸಿದರೆ ಗುಳ್ಳೆ ಏಳಬಹುದು, ಕಪ್ಪುಕಲೆ ಬಹುಕಾಲ ಉಳಿಯಬಹುದು.

ಇದಕ್ಕೆ ಪರೀಕ್ಷೆಯೊಂದುಂಟು. ಬೆನ್ನಿನ ಮೇಲೆ ಸಣ್ಣ ಚೌಕಗಳನ್ನು ಮಾಡಿ, ಒಂದಕ್ಕಿಂತ ಒಂದಕ್ಕೆ ತುಸು ಹೆಚ್ಚು ನೇರಳಾತೀತ ಕಿರಣ ಕೊಟ್ಟು, ಯಾವ ಚೌಕ ಮೊದಲು ಪ್ರತಿಕ್ರಿಯೆ ತೋರಿತೆಂದು ನೋಡುತ್ತಾರೆ. ಔಷಧಿಯಿಲ್ಲದೆ ಬರಿಯ ಕಿರಣವಾದರೆ ಸಾಮಾನ್ಯವಾಗಿ 24 ಗಂಟೆಯ ಮೇಲೆ ನೋಡುವುದು. ಅಲ್ಲಿ ಉತ್ತರ ಕೊಡುವುದು ಚರ್ಮವೇ.

ಆದುದರಿಂದ ಕಿರಣ ಅಥವಾ ಲೇಸರ್ ಚಿಕಿತ್ಸೆಗೆ ಹೋದಾಗ, ಬಿಸಿಲಿನಲ್ಲಿ ದುಡಿದ ದಿನ ಮೈ ಉರಿಯಿತೆ, ಸಿಪ್ಪೆ ಎದ್ದಿತೆ, ಗಾಯ ಮಾಯ್ದ ಮೇಲೆ ಕಲೆ ಉಳಿಯಿತೆ ಎಂಬುದನ್ನು ವೈದ್ಯರು ಕೇಳದಿದ್ದರೂ ನಾವೇ ಹೇಳಬೇಕು. ಚೀಟಿಯ ಮೇಲಿನ ಅಂಕಿಯಲ್ಲಿ ಅದು ಬರೆದಿರುವುದಿಲ್ಲ.