ಮೇ ಝಿಯಾದೆ ಗಿಬ್ರಾನ್‌ಗೆ ಬರೆದ ಕಾಗದ

1912ರಲ್ಲಿ ಕೈರೋದಲ್ಲಿದ್ದ ಇಪ್ಪತ್ತಾರರ ಲೇಖಕಿ ಮೇ ಝಿಯಾದೆ ನ್ಯೂಯಾರ್ಕಿನಲ್ಲಿದ್ದ ಖಲೀಲ್ ಗಿಬ್ರಾನ್‌ಗೆ ಒಂದು ಕಾಗದ ಬರೆದಳು. ಅದರಲ್ಲಿದ್ದದ್ದು ತಕರಾರು. ಗಿಬ್ರಾನನ ‘ಮುರಿದ ರೆಕ್ಕೆಗಳು’ ಕಾದಂಬರಿಯ ನಾಯಕಿ ಮದುವೆಯಾದ ಮೇಲೂ ತನ್ನ ಪ್ರಿಯಕರನನ್ನು ಗುಟ್ಟಾಗಿ ಕಾಣಲು ಹೋಗುತ್ತಾಳೆ. ಮೇಗೆ ಅದು ಒಪ್ಪಿಗೆಯಾಗಲಿಲ್ಲ. ಇಬ್ಬರ ಮನೆತನದ ನಂಟು ಲೆಬನಾನಿನದು, ಇಬ್ಬರೂ ಅರಬ್ಬಿಯಲ್ಲಿ ಬರೆಯುವವರು. ವಾದ ಬೆಳೆದು ಸ್ನೇಹವಾಯಿತು. ಮಹಾಯುದ್ಧದ ವರ್ಷಗಳಲ್ಲಿ ನಿಂತಿದ್ದ ಓಲೆಗಳು ಆಮೇಲೆ ಮತ್ತೆ ಶುರುವಾದವು. ಗಿಬ್ರಾನನ ಮಾತು ಸಲಿಗೆಗೆ ತಿರುಗಿದಾಗಲೆಲ್ಲ ಮೇ ಮುನಿಸಿಕೊಂಡು ಸುಮ್ಮನಾಗುತ್ತಿದ್ದಳು.

ಮನಸ್ಸು ಬಿಚ್ಚಲು ಅವಳಿಗೆ ಹನ್ನೆರಡು ವರ್ಷ ಬೇಕಾಯಿತು. 1924ರ ಜನವರಿ 15ರ ಆ ಕಾಗದದಲ್ಲಿ ಅವಳು ಒಂದು ಹೆಜ್ಜೆ ಮುಂದಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ. ಏನು ಬರೆಯುತ್ತಿದ್ದೇನೋ ತನಗೇ ತಿಳಿಯದು ಎನ್ನುತ್ತಾಳೆ. ನೀನು ನನ್ನ ಪ್ರಿಯ ಎಂಬುದು ಮಾತ್ರ ಗೊತ್ತು, ಆದರೆ ಪ್ರೀತಿಯೆಂದರೆ ಭಯ ಎಂದು ಅದೇ ಉಸಿರಿನಲ್ಲಿ ಸೇರಿಸುತ್ತಾಳೆ. ಆ ಭಯ ಯಾತರದೆಂದೂ ಹೇಳುತ್ತಾಳೆ: ಪ್ರೀತಿಯಿಂದ ತಾನು ಬಯಸುವುದು ಬಹಳ, ಅದೆಲ್ಲ ಸಿಗದೆ ಹೋದರೆ? ಅರೆಬರೆ ಸಿಗುವುದಕ್ಕಿಂತ ಏನೂ ಇಲ್ಲದಿರುವುದೇ ಮೇಲು ಎಂಬುದು ಅವಳ ನಿಲುವು. ಇದನ್ನು ಬಾಯಲ್ಲಿ ಹೇಳದೆ ಕಾಗದದಲ್ಲಿ ಬರೆಯುತ್ತಿರುವುದಕ್ಕೆ ದೇವರನ್ನು ನೆನೆಯುತ್ತಾಳೆ. ಅವನು ಎದುರಿಗಿದ್ದಿದ್ದರೆ ನಾಚಿ ಓಡಿಹೋಗಿ, ಅವನು ಈ ಮಾತು ಮರೆಯುವವರೆಗೂ ಮುಖ ತೋರಿಸುತ್ತಿರಲಿಲ್ಲವಂತೆ.

ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಮುಂದಿನ ಮಾತು. ಬರೆಯುವುದರಲ್ಲೂ ಇಷ್ಟೊಂದು ಸ್ವಾತಂತ್ರ್ಯ ತೆಗೆದುಕೊಂಡೆನಲ್ಲ ಎಂದು ತನ್ನನ್ನೇ ಬೈದುಕೊಂಡು, ಹೆಣ್ಣುಮಕ್ಕಳು ಓದುಬರಹ ಕಲಿಯದಿರುವುದೇ ಲೇಸು ಎಂಬ ಪೂರ್ವದೇಶದ ಹಿರಿಯರ ನುಡಿಯನ್ನು ನೆನೆಯುತ್ತಾಳೆ. ಹಾಗೆ ಬರೆದವಳು ಪ್ರತಿ ಮಂಗಳವಾರ ಕೈರೋದ ಸಾಹಿತಿಗಳನ್ನು ಮನೆಗೆ ಕರೆದು ಚರ್ಚೆ ನಡೆಸುತ್ತಿದ್ದವಳು, ಹೆಣ್ಣಿನ ವಿದ್ಯೆಗಾಗಿ ವಾದಿಸಿದವಳು. ಸಭೆಯಲ್ಲಿ ಅಳುಕದವಳನ್ನೂ ಒಂದು ಹಾಳೆಯ ಮುಂದೆ ಅಜ್ಜಿಯರ ಕಾಲದ ಅಂಜಿಕೆ ಹಿಡಿದು ನಿಲ್ಲಿಸಿತ್ತು. ಆದರೂ ಅವಳು ಹಾಳೆಯನ್ನು ಹರಿಯಲಿಲ್ಲ.

ಕಾಗದದ ಕೊನೆಯಲ್ಲಿ ಸಂಜೆಯಾಗುತ್ತದೆ, ಶುಕ್ರ ಹೊಳೆಯುತ್ತದೆ. ಅಲ್ಲಿಯೂ ನನ್ನಂಥವಳೊಬ್ಬಳು ದೂರದ ತನ್ನ ಗಿಬ್ರಾನನಿಗೆ ಬರೆಯುತ್ತಿರಬಹುದೇ ಎಂದು ಕೇಳುತ್ತಾಳೆ. ನೇರವಾಗಿ ಹೇಳಲಾಗದ್ದನ್ನು ಇನ್ನೊಬ್ಬಳ ಹೆಸರಿನಲ್ಲಿ ಹೇಳಿಸುವ ಈ ಉಪಾಯ ನನಗೆ ಬಹಳ ಮೆಚ್ಚುಗೆ. ಆಗ ಟಪಾಲು ಹೋಗುತ್ತಿದ್ದದ್ದು ಹಡಗಿನಲ್ಲಿ. ಬರೆದದ್ದು ಅವನ ಕೈ ಸೇರಿ ಉತ್ತರ ಬರುವವರೆಗೆ ಅವಳು ವಾರಗಟ್ಟಲೆ ಕಾಯಬೇಕಿತ್ತು.

ಗಿಬ್ರಾನ್ ಫೆಬ್ರುವರಿ ಕೊನೆಯಲ್ಲಿ ಉತ್ತರ ಬರೆದ. ಪ್ರೀತಿಗೆ ಯಾಕೆ ಹೆದರುತ್ತೀ, ಬಿಸಿಲಿಗೆ ಹೆದರುತ್ತೀಯಾ ಎಂದು ಮಗುವನ್ನು ಸಂತೈಸುವಂತೆ ಕೇಳಿದ. ಬಳಿಗೆ ಬರುತ್ತೇನೆ ಎಂದು ಇಬ್ಬರಲ್ಲಿ ಯಾರೂ ಹೊರಡಲಿಲ್ಲ. 1931ರಲ್ಲಿ ಗಿಬ್ರಾನ್ ತೀರಿಕೊಳ್ಳುವವರೆಗೂ ಅವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.