ವರದಿಯ ಮೊದಲ ಸಾಲೇ ಮೊದಲ ಕೆಲಸವಲ್ಲ

ಕಂಪ್ಯೂಟರ್‌ಗಳ ಭದ್ರತಾ ಲೋಪಗಳನ್ನು ಹುಡುಕುವ ಸ್ಕ್ಯಾನರ್ ಒಂದು ರಾತ್ರಿ ಓಡಿದರೆ ಬೆಳಿಗ್ಗೆ ನೂರಾರು ಪುಟಗಳ ವರದಿ ಕೈಗೆ ಬರುತ್ತದೆ. ಪ್ರತಿ ಲೋಪಕ್ಕೂ ಹತ್ತರೊಳಗೆ ಒಂದು ಅಂಕ. ಅದಕ್ಕೆ ಸಿವಿಎಸ್ಎಸ್ ಸ್ಕೋರ್ ಎನ್ನುತ್ತಾರೆ. 9.0 ಅಥವಾ ಅದಕ್ಕಿಂತ ಹೆಚ್ಚಾದರೆ ‘ಕ್ರಿಟಿಕಲ್’, 7.0ರಿಂದ 8.9ರವರೆಗೆ ‘ಹೈ’. ಹೆಚ್ಚು ಅಂಕದವನ್ನು ಮೊದಲು ಸರಿಪಡಿಸುತ್ತ ಕೆಳಗಿಳಿಯುವುದು ಎಲ್ಲರ ರೂಢಿ. ಎಡವುವುದೂ ಅಲ್ಲೇ.

ಒಂದು ವರದಿಯಲ್ಲಿ ಎರಡು ಸಾಲುಗಳಿವೆ ಎಂದುಕೊಳ್ಳಿ. ಮೊದಲನೆಯದು CVE-2023-38408, ಸ್ಕೋರ್ 9.8, ಕಚೇರಿಯೊಳಗಿನ ಲಿನಕ್ಸ್ ಸರ್ವರ್‌ನಲ್ಲಿರುವ ಓಪನ್ಎಸ್ಎಸ್ಎಚ್ ತಂತ್ರಾಂಶದ್ದು. ಎರಡನೆಯದು CVE-2014-0160, ಸ್ಕೋರ್ 7.5, ಇಂಟರ್ನೆಟ್‌ಗೆ ತೆರೆದುಕೊಂಡಿರುವ ಹಳೆಯ ವಿಪಿಎನ್ ಪೆಟ್ಟಿಗೆಯದು.

ಸ್ಕೋರ್ ಪಕ್ಕಕ್ಕಿಟ್ಟು ವಿವರಣೆ ಓದಿದರೆ ಚಿತ್ರ ಬದಲಾಗುತ್ತದೆ. ಮೊದಲ ಲೋಪವಿರುವುದು ಲಾಗಿನ್ ಸ್ವೀಕರಿಸುವ ಸರ್ವರ್ ಭಾಗದಲ್ಲಲ್ಲ, ಬಳಕೆದಾರರ ಕೀಲಿಗಳನ್ನು ಹಿಡಿದಿಟ್ಟುಕೊಳ್ಳುವ ssh-agent ಎಂಬ ಸಹಾಯಕ ಪ್ರೋಗ್ರಾಂನಲ್ಲಿ. ದಾಳಿಕೋರನ ಹಿಡಿತದಲ್ಲಿರುವ ಯಂತ್ರಕ್ಕೆ ಯಾರಾದರೂ ಆ ಏಜೆಂಟನ್ನು ‘ಫಾರ್ವರ್ಡ್’ ಮಾಡಿ ಲಾಗಿನ್ ಆಗಿದ್ದರೆ ಮಾತ್ರ ಅಪಾಯ. ಬಳಕೆದಾರರ ಯಂತ್ರದಲ್ಲಿ ಕೆಲವು ಲೈಬ್ರರಿಗಳೂ ಇರಬೇಕು. ಇಷ್ಟೆಲ್ಲ ಕೂಡಿಬರುವುದು ಅಪರೂಪ. ಸ್ಕ್ಯಾನರ್ ಇದನ್ನೆಲ್ಲ ನೋಡಿರುವುದಿಲ್ಲ. ಹಲವು ಸಲ ಅದು ಸರ್ವರ್ ಹೇಳಿಕೊಳ್ಳುವ ಆವೃತ್ತಿ ಸಂಖ್ಯೆಯನ್ನು ಓದಿ ತೀರ್ಪು ಕೊಟ್ಟಿರುತ್ತದೆ. ರೆಡ್ ಹ್ಯಾಟ್‌ನಂಥ ಕಂಪನಿಗಳು ಆವೃತ್ತಿಯ ಸಂಖ್ಯೆ ಬದಲಿಸದೆ ದುರಸ್ತಿಯನ್ನಷ್ಟೇ ಹಳೆಯದಕ್ಕೆ ಸೇರಿಸುವುದರಿಂದ, ಸರಿಯಾಗಿರುವ ಯಂತ್ರವೂ ಕೆಂಪಾಗಿ ಕಾಣಬಹುದು. ಆ ಯಂತ್ರದಲ್ಲೇ ಕೇಳಿ ನೋಡಬೇಕು:

```
rpm -q --changelog openssh | grep CVE-2023-38408
```

ಉತ್ತರ ಬಂದರೆ ದುರಸ್ತಿ ಆಗಿದೆ. ಬಾರದಿದ್ದರೆ ಮುಂದಿನ ಮಾಮೂಲಿ ಪ್ಯಾಚ್ ಸರದಿಗೆ ಹಾಕಿದರೆ ಸಾಕು ಎಂಬುದು ನನ್ನ ಲೆಕ್ಕ. ಒಳಗಿನ ಯಂತ್ರ ಎಂದು ಮರೆತೇಬಿಡುವಂತಿಲ್ಲ. ಒಂದು ಲ್ಯಾಪ್‌ಟಾಪ್ ಕೈತಪ್ಪಿದರೆ ಹೊರಗಿನವನೂ ಒಳಗಿನವನೇ.

ಎರಡನೆಯದು ಹಾರ್ಟ್‌ಬ್ಲೀಡ್. 2014ರ ಏಪ್ರಿಲ್‌ನಲ್ಲಿ ಬಯಲಾದಾಗ, ಆಗಿನ ಲೆಕ್ಕಾಚಾರದಲ್ಲಿ ಇದಕ್ಕೆ ಸಿಕ್ಕಿದ್ದು ಬರೀ 5.0. ಮಾಹಿತಿ ಸೋರುತ್ತದೆಯೇ ಹೊರತು ಏನೂ ಕೆಡುವುದಿಲ್ಲ ಎಂಬ ಕಾರಣಕ್ಕೆ ಅಂಕ ಕಡಿಮೆ. ಆದರೆ ಪಾಸ್‌ವರ್ಡ್ ಬೇಡ, ಯಾರೂ ಏನನ್ನೂ ಒತ್ತಬೇಕಿಲ್ಲ. ಪ್ರತಿ ವಿನಂತಿಗೂ ಸರ್ವರ್ ಮೆಮೊರಿಯ 64 ಕೆಬಿವರೆಗಿನ ತುಣುಕು ಹೊರಬೀಳುತ್ತಿತ್ತು. ಕೆನಡಾದ ತೆರಿಗೆ ಇಲಾಖೆಯಿಂದ ಸುಮಾರು 900 ಜನರ ಸಾಮಾಜಿಕ ವಿಮಾ ಸಂಖ್ಯೆಗಳು ಹೋದದ್ದು ಹೀಗೆಯೇ. ಅಮೆರಿಕದ ಸಿಐಎಸ್ಎ ಸಂಸ್ಥೆ ಇಟ್ಟಿರುವ, ದಾಳಿಗೆ ನಿಜಕ್ಕೂ ಬಳಕೆಯಾದ ಲೋಪಗಳ ಪಟ್ಟಿಯಲ್ಲೂ ಇದರ ಹೆಸರಿದೆ. ಬೀದಿಗೆ ತೆರೆದ ಪೆಟ್ಟಿಗೆಯಲ್ಲಿ ಇದು ಸಿಕ್ಕರೆ ಅಂದೇ ಕೈಹಾಕಬೇಕು.

ಇಲ್ಲಿ ಪ್ಯಾಚ್ ಹಾಕಿದಲ್ಲಿಗೆ ಕೆಲಸ ಮುಗಿಯುವುದೂ ಇಲ್ಲ. ಸೋರಿದ ಮೆಮೊರಿಯಲ್ಲಿ ಸರ್ವರ್‌ನ ಖಾಸಗಿ ಕೀಲಿಯೇ ಇದ್ದಿರಬಹುದು. ಹೊಸ ಕೀಲಿ ಮಾಡಿ, ಹಳೆಯ ಸರ್ಟಿಫಿಕೇಟ್ ರದ್ದುಪಡಿಸಿ, ಬಳಕೆದಾರರ ಪಾಸ್‌ವರ್ಡ್ ಬದಲಿಸಬೇಕು. ಇದಾವುದನ್ನೂ ಮಾಡದಿದ್ದರೂ ಮುಂದಿನ ಸ್ಕ್ಯಾನ್‌ನಲ್ಲಿ ಹಾರ್ಟ್‌ಬ್ಲೀಡ್ ಸಾಲು ಕಾಣುವುದಿಲ್ಲ.